ಪಟ್ಟಿಯಲ್ಲಿ ಮೊದಲು ಬರೆದದ್ದೇ ಮೊದಲು ಮಾಡಬೇಕಾದ ಕೆಲಸವೇ? ತುರ್ತು ಯಾವುದು, ಮುಖ್ಯ ಯಾವುದು ಎಂದು ತಿಳಿಯುವುದು ಹೀಗೆ

ಒಂದೇ ಮಾತಿನಲ್ಲಿ: ಫೋನಿನಲ್ಲಿ ಬರೆದಿಟ್ಟ ಕೆಲಸಗಳ ಪಟ್ಟಿ ನಾವು ಬರೆದ ಕ್ರಮದಲ್ಲಿರುತ್ತದೆ, ಮಾಡಬೇಕಾದ ಕ್ರಮದಲ್ಲಿ ಅಲ್ಲ. ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳಬೇಕು. ಇದನ್ನು ಯಾವ ದಿನದೊಳಗೆ ಶುರು ಮಾಡಲೇಬೇಕು? ಮಾಡದಿದ್ದರೆ ಏನು ಹೋಗುತ್ತದೆ? ಮೊದಲ ಪ್ರಶ್ನೆಯ ಉತ್ತರ ತುರ್ತು, ಎರಡನೆಯದರ ಉತ್ತರ ಮುಖ್ಯ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಎಡವಟ್ಟಾಗುತ್ತದೆ.

ಸಮಸ್ಯೆ ಎಲ್ಲಿದೆ?

ನಮ್ಮಲ್ಲಿ ಬಹಳ ಜನ ಮನೆ ಕೆಲಸಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಂಡು ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಫೋನಿನ ಸಾದಾ ನೋಟ್ಸ್‌ನಲ್ಲಿ ಬರೆಯುತ್ತಾರೆ. ಎರಡರಲ್ಲೂ ಒಂದು ಕೊರತೆ ಇದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅದು ಹೇಳುವುದಿಲ್ಲ. ಬೆಳಿಗ್ಗೆ ನೆನಪಾದದ್ದು ಮೇಲೆ, ರಾತ್ರಿ ನೆನಪಾದದ್ದು ಕೆಳಗೆ, ಅಷ್ಟೇ. ಮಿಕ್ಸಿ ಆಫರ್ ಕೂಡ ಒಂದು ಸಾಲು, ಅಪ್ಪನ ಬಿಪಿ ಮಾತ್ರೆ ಕೂಡ ಒಂದು ಸಾಲು. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ ಕಾಣುತ್ತವೆ.

ಆಗ ನಾವು ಏನು ಮಾಡುತ್ತೇವೆ? ಮೇಲಿನಿಂದ ಶುರು ಮಾಡುತ್ತೇವೆ. ಇಲ್ಲವೇ ಸುಲಭದ್ದನ್ನು ಮೊದಲು ಮುಗಿಸುತ್ತೇವೆ. ಇಲ್ಲವೇ ಯಾವುದು ಹೆಚ್ಚು ಗಲಾಟೆ ಮಾಡುತ್ತದೋ ಅದರ ಹಿಂದೆ ಓಡುತ್ತೇವೆ. ಈ ಮೂರನೆಯ ಅಭ್ಯಾಸದ ಬಗ್ಗೆ ಸಂಶೋಧನೆಯೂ ನಡೆದಿದೆ. ಮೆಂಗ್ ಝು, ಯಾಂಗ್ ಯಾಂಗ್ ಮತ್ತು ಕ್ರಿಸ್ಟೋಫರ್ ಸೀ ಎಂಬ ಸಂಶೋಧಕರು 2018ರಲ್ಲಿ ಗ್ರಾಹಕರ ವರ್ತನೆ ಕುರಿತ ಒಂದು ಪತ್ರಿಕೆಯಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಾಗ, ಹೆಚ್ಚು ಲಾಭದ ಕೆಲಸವನ್ನು ಬಿಟ್ಟು 'ಬೇಗ ಮುಗಿದುಹೋಗುತ್ತದೆ' ಎಂದು ಬರೆದಿದ್ದ ಕಡಿಮೆ ಲಾಭದ ಕೆಲಸದ ಕಡೆಗೆ ಜನ ವಾಲಿದರು. ನಾವು ಯಾವಾಗಲೂ ಬಿಜಿ ಎಂದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚಾಗಿತ್ತು. ಆದರೆ ಆರಿಸುವ ಹೊತ್ತಿನಲ್ಲಿಯೇ 'ಕೊನೆಗೆ ನಿಮಗೆ ಸಿಗುವುದು ಏನು' ಎಂಬ ಕಡೆಗೆ ಗಮನ ಸೆಳೆದಾಗ ಈ ವಾಲುವಿಕೆ ಕಡಿಮೆಯಾಯಿತು. ಮುಂದೆ ಹೇಳುವ ವಿಧಾನದಲ್ಲಿ ನಷ್ಟವನ್ನು ಬರೆದೇ ಇಡಬೇಕು ಎನ್ನುವುದು ಇದೇ ಕಾರಣಕ್ಕೆ.

'ಐಸೆನ್‌ಹೋವರ್ ಪೆಟ್ಟಿಗೆ' ಫಾರ್ವರ್ಡ್: ಎಷ್ಟು ನಿಜ?

ನಾಲ್ಕು ಚೌಕಗಳ ಒಂದು ಚಿತ್ರ ನಿಮಗೂ ಬಂದಿರಬಹುದು. ತುರ್ತು ಮತ್ತು ಮುಖ್ಯ, ತುರ್ತಲ್ಲ ಆದರೆ ಮುಖ್ಯ, ತುರ್ತು ಆದರೆ ಮುಖ್ಯವಲ್ಲ, ಎರಡೂ ಅಲ್ಲ. ಕೆಳಗೆ 'ಇದನ್ನು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ತಯಾರಿಸಿದರು' ಎಂದಿರುತ್ತದೆ.

ವಾಸ್ತವ ಸ್ವಲ್ಪ ಬೇರೆ. 1954ರ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ಮಾಡಿದ ಭಾಷಣದಲ್ಲಿ ಐಸೆನ್‌ಹೋವರ್ ತುರ್ತು ಮತ್ತು ಮುಖ್ಯ ಎಂಬ ಎರಡು ಬಗೆಯ ಸಮಸ್ಯೆಗಳ ಬಗ್ಗೆ ಹೇಳಿದ್ದು ನಿಜ. ಆದರೆ ಅದು ತಮ್ಮ ಮಾತು ಎಂದು ಅವರು ಹೇಳಲಿಲ್ಲ. ಕಾಲೇಜೊಂದರ ಮಾಜಿ ಅಧ್ಯಕ್ಷರ ಮಾತು ಎಂದು, ಹೆಸರು ಹೇಳದೆ ಉಲ್ಲೇಖಿಸಿದರು. ಚೌಕಗಳ ಚಿತ್ರ ಜನಪ್ರಿಯವಾಗಿದ್ದು 1989ರಲ್ಲಿ ಬಂದ ಸ್ಟೀಫನ್ ಕವಿ ಅವರ ಪುಸ್ತಕದಿಂದ.

ಚಿತ್ರ ತಪ್ಪು ಎಂದು ನಾವು ಹೇಳುತ್ತಿಲ್ಲ. ಆದರೆ ಅದಕ್ಕೆ ಒಂದು ಮಿತಿ ಇದೆ. ಕೆಲಸಗಳನ್ನು ಅದು ಚೌಕಗಳಿಗೆ ಹಂಚುತ್ತದೆಯೇ ಹೊರತು, ಒಂದೇ ಚೌಕದಲ್ಲಿ ಐದು ಕೆಲಸ ಬಿದ್ದರೆ ಯಾವುದನ್ನು ಮೊದಲು ಮಾಡಬೇಕು ಎಂದು ಹೇಳುವುದಿಲ್ಲ. ಮನೆಯ ಪಟ್ಟಿಗೆ ಬೇಕಾದದ್ದು ಚೌಕವಲ್ಲ, ಒಂದರ ಕೆಳಗೆ ಒಂದು ಸಾಲು.

ಒಂದು ಮನೆಯ ಪಟ್ಟಿ

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 2025ರ ನವೆಂಬರ್ 8, ಎರಡನೇ ಶನಿವಾರ, ಬೆಳಿಗ್ಗೆ. ಮನೆಯಾಕೆ ವಾರವಿಡೀ ತಮಗೆ ತಾವೇ ಕಳಿಸಿಕೊಂಡ ಸಾಲುಗಳು ಹೀಗಿವೆ:

- ಪ್ರವಾಸದ ಫೋಟೊ ಗ್ರೂಪಿಗೆ ಹಾಕಬೇಕು, ಎಲ್ಲರೂ ಕೇಳ್ತಿದ್ದಾರೆ
- ಕರೆಂಟ್ ಬಿಲ್
- ಅಪ್ಪನ ಬಿಪಿ ಮಾತ್ರೆ
- ಸ್ಕೂಟರ್ ಇನ್ಶೂರೆನ್ಸ್
- ಪುಟ್ಟನಿಗೆ ನಾಯಿ ಕಚ್ಚಿದ್ದು, ಮೂರನೇ ಇಂಜೆಕ್ಷನ್
- ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಅಂತ ಮೆಸೇಜ್, ಅದರಲ್ಲಿರೋ ನಂಬರಿಗೆ ಫೋನ್ ಮಾಡಬೇಕು
- ಅಮ್ಮನ ಪಿಂಚಣಿಗೆ ಜೀವನ ಪ್ರಮಾಣಪತ್ರ
- ಜೀವವಿಮೆ ಕಂತು, 5ನೇ ತಾರೀಖೇ ಮುಗೀತು
- ಮಿಕ್ಸಿ ಆಫರ್, ಇವತ್ತೇ ಕೊನೆ
- ಅಪ್ಪನಿಗೆ ಶುಗರ್ ಇದೆ, ಕಣ್ಣು ತೋರಿಸಬೇಕು

ಓದಿದ ಕೂಡಲೇ ಗಾಬರಿ ಹುಟ್ಟಿಸುವುದು ಯಾವುದು? ರಾತ್ರಿ 9.30ರ ಕರೆಂಟ್ ಮೆಸೇಜ್, 'ಇವತ್ತೇ ಕೊನೆ' ಎನ್ನುವ ಮಿಕ್ಸಿ, ತಾರೀಖು ಮುಗಿದ ಜೀವವಿಮೆ. ತಣ್ಣಗೆ ಕೂತಿರುವುದು ಮಾತ್ರೆ, ಇಂಜೆಕ್ಷನ್ ಮತ್ತು ಕಣ್ಣು. ಈಗ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಕೆಲಸವೇ ಅಲ್ಲದ್ದನ್ನು ತೆಗೆದುಹಾಕಿ

'ಬಿಲ್ ಕಟ್ಟಿಲ್ಲ, ಇಂದು ರಾತ್ರಿ ವಿದ್ಯುತ್ ಕಡಿತ, ಈ ಅಧಿಕಾರಿಗೆ ಕರೆ ಮಾಡಿ' ಎಂದು ಯಾವುದೋ ಮೊಬೈಲ್ ನಂಬರ್ ಕೊಡುವ ಸಂದೇಶ ದೇಶದ ಹಲವು ಕಡೆ ಹರಿದಾಡಿರುವ ವಂಚನೆ. ಫೋನ್ ಮಾಡಿದವರಿಗೆ ಯಾವುದಾದರೂ ಆ್ಯಪ್ ಹಾಕಿಸಿ, ಸಣ್ಣ ಮೊತ್ತ ಪಾವತಿಸಿ ಎಂದು ಹೇಳಿ, ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಇಲ್ಲಿ ತುರ್ತು ಎನ್ನುವುದು ನಿಜವಾದ ಗಡುವಿನಿಂದ ಬಂದದ್ದಲ್ಲ, ನೀವು ಯೋಚಿಸದಿರಲಿ ಎಂದು ಬೇಕಂತಲೇ ಹುಟ್ಟಿಸಿದ್ದು.

ಇದನ್ನು ಪತ್ತೆ ಮಾಡಲು ಅದೇ ಪಟ್ಟಿಯ ಇನ್ನೊಂದು ಸಾಲು ಸಾಕು. ಕಾಗದದ ಕರೆಂಟ್ ಬಿಲ್ ತೆಗೆದು ನೋಡಿದರೆ ಕೊನೆಯ ದಿನ ನವೆಂಬರ್ 12 ಎಂದಿದೆ. ಗಡುವೇ ಮುಗಿಯದ ಬಿಲ್ಲಿಗೆ ಇವತ್ತು ರಾತ್ರಿ ಯಾರು ಕರೆಂಟ್ ಕಟ್ ಮಾಡುತ್ತಾರೆ? ಹೀಗೆ, ತಾರೀಖನ್ನು ಯಾವಾಗಲೂ ಮೂಲ ಕಾಗದದಿಂದಲೇ ತೆಗೆದುಕೊಳ್ಳಿ. ಬಿಲ್, ಪಾಲಿಸಿ ಪತ್ರ, ಆಸ್ಪತ್ರೆಯ ಚೀಟಿ ನೋಡಿ. ಹೆದರಿಸುವ ಮೆಸೇಜಿನಿಂದ ತಾರೀಖು ತೆಗೆದುಕೊಳ್ಳಬೇಡಿ. ಈ ಸಾಲನ್ನು ಪಟ್ಟಿಯಿಂದ ಅಳಿಸಿ. ಈಗಾಗಲೇ ಹಣ ಹೋಗಿದ್ದರೆ ಮಾತ್ರ ಅದು ಎಲ್ಲಕ್ಕಿಂತ ಮೊದಲ ಕೆಲಸವಾಗುತ್ತದೆ. ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೆಜ್ಜೆ 2: ಕೊನೆಯ ದಿನವಲ್ಲ, ಶುರುವಿನ ದಿನ ಬರೆಯಿರಿ

ಬಹಳ ಜನ ಕೊನೆಯ ದಿನ ಬರೆದುಕೊಂಡು ಅಲ್ಲಿಯವರೆಗೆ ಸಮಯವಿದೆ ಎಂದುಕೊಳ್ಳುತ್ತಾರೆ. ನಮಗೆ ಬೇಕಾದದ್ದು ಅದಕ್ಕಿಂತ ಹಿಂದಿನ ದಿನ. ಕೆಲಸ ಮುಗಿಯಲು ಬೇಕಾದ ದಿನ, ಮಧ್ಯೆ ಬರುವ ರಜೆ, ಒಮ್ಮೆ ತಪ್ಪಿದರೆ ಇನ್ನೊಮ್ಮೆ ಪ್ರಯತ್ನಿಸಲು ಬೇಕಾದ ಸಮಯ, ಇಷ್ಟನ್ನೂ ಕಳೆದಾಗ ಸಿಗುವುದು ಶುರುವಿನ ದಿನ.

ಅಪ್ಪನ ಮಾತ್ರೆಯನ್ನೇ ನೋಡಿ. ಅದಕ್ಕೆ ಯಾರೂ ಗಡುವು ಹಾಕಿಲ್ಲ. ಆದರೆ ಶೀಟ್ ತೆಗೆದು ಎಣಿಸಿದರೆ ಐದು ಮಾತ್ರೆ ಉಳಿದಿವೆ. ದಿನಕ್ಕೆ ಎರಡು. ಶನಿವಾರ ಎರಡು, ಭಾನುವಾರ ಎರಡು, ಸೋಮವಾರ ಬೆಳಿಗ್ಗೆ ಒಂದು. ಸೋಮವಾರ ರಾತ್ರಿಗೆ ಇಲ್ಲ. ಭಾನುವಾರ ಹತ್ತಿರದ ಮೆಡಿಕಲ್ ಶಾಪ್ ಬಾಗಿಲು ಹಾಕಿರುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಆಸ್ಪತ್ರೆಯಲ್ಲಿರುತ್ತಾರೆ. ಹಾಗಾಗಿ ಶುರುವಿನ ದಿನ ಇವತ್ತೇ.

ಇಂಜೆಕ್ಷನ್‌ಗೆ ತಾರೀಖು ಖಚಿತ. ಮಗುವಿಗೆ ನಾಯಿ ಕಚ್ಚಿ ಮೊದಲ ಡೋಸ್ ಕೊಟ್ಟಿದ್ದು ನವೆಂಬರ್ 3, ಸೋಮವಾರ. ರೇಬಿಸ್ ಲಸಿಕೆಯಲ್ಲಿ ಆ ದಿನವನ್ನು 0 ಎಂದು ಎಣಿಸುತ್ತಾರೆ. ಎರಡನೇ ಡೋಸ್ 3ನೇ ದಿನ, ಅಂದರೆ ನವೆಂಬರ್ 6. ಮೂರನೆಯದು 7ನೇ ದಿನ, ಅಂದರೆ ನವೆಂಬರ್ 10, ಸೋಮವಾರ. ಮೊದಲ ದಿನವನ್ನು 1 ಎಂದು ಎಣಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಅದಕ್ಕೇ ಆಸ್ಪತ್ರೆಯ ಚೀಟಿಯಲ್ಲಿ ಬರೆದ ತಾರೀಖನ್ನೇ ನೋಡಬೇಕು.

ಸ್ಕೂಟರ್ ವಿಮೆ ಭಾನುವಾರ ಮಧ್ಯರಾತ್ರಿ ಮುಗಿಯುತ್ತದೆ. ಸೋಮವಾರ ಮಗುವನ್ನು ಕರೆದೊಯ್ಯಬೇಕಾಗಿರುವುದು ಅದೇ ಸ್ಕೂಟರಿನಲ್ಲಿ. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಪಾವತಿ ಒಮ್ಮೆ ಕೈಕೊಟ್ಟರೆ ಭಾನುವಾರ ಇನ್ನೊಮ್ಮೆ ಪ್ರಯತ್ನಿಸಲು ಅವಕಾಶವಿರಲಿ. ಶುರುವಿನ ದಿನ ಇವತ್ತು.

ಅಮ್ಮ ಅಂಚೆ ಇಲಾಖೆಯಿಂದ ನಿವೃತ್ತರು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕು. ನವೆಂಬರ್ 30 ಈ ಸಲ ಭಾನುವಾರ. ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು, ಆದರೆ ವಯಸ್ಸಾದವರ ಬೆರಳಚ್ಚು ಅಥವಾ ಮುಖ ಕೆಲವೊಮ್ಮೆ ಹೊಂದಾಣಿಕೆ ಆಗುವುದಿಲ್ಲ. ಆಗ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಬೇಕು. ಹಾಗಾಗಿ ನವೆಂಬರ್ 12ಕ್ಕೆ ಮೊದಲ ಪ್ರಯತ್ನ.

ಜೀವವಿಮೆ ಕಂತು ನೋಡಲು ತಡವಾದಂತಿದೆ. ಆದರೆ ವರ್ಷಕ್ಕೊಮ್ಮೆ ಕಟ್ಟುವ ಕಂತಿಗೆ ಸಾಮಾನ್ಯವಾಗಿ 30 ದಿನಗಳ ಹೆಚ್ಚುವರಿ ಅವಧಿ ಇರುತ್ತದೆ, ತಿಂಗಳ ಕಂತಾದರೆ 15 ದಿನ. ಈ ಮನೆಯದು ವರ್ಷದ ಕಂತು, ಹಾಗಾಗಿ ಡಿಸೆಂಬರ್ 5ರವರೆಗೆ ಬಾಗಿಲು ತೆರೆದಿದೆ. ಅಷ್ಟರೊಳಗೆ ಏನಾದರೂ ಆದರೂ ವಿಮೆ ಜಾರಿಯಲ್ಲಿರುತ್ತದೆ. ನವೆಂಬರ್ 20 ಎಂದು ಬರೆದುಕೊಂಡರೆ ಸಾಕು.

ಉಳಿದದ್ದು ಕಣ್ಣಿನ ಪರೀಕ್ಷೆ. ಇದಕ್ಕೆ ತಾರೀಖೂ ಇಲ್ಲ, ನೋವೂ ಇಲ್ಲ. ಮಧುಮೇಹದಿಂದ ಕಣ್ಣಿನ ಒಳಪರದೆಗೆ ಆಗುವ ಹಾನಿ ಮೊದಮೊದಲು ಗೊತ್ತೇ ಆಗುವುದಿಲ್ಲ. ದೃಷ್ಟಿ ಮಂಜಾಗುವ ಹೊತ್ತಿಗೆ ಸಾಕಷ್ಟು ಹಾನಿಯಾಗಿರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಇಂಥ ಕೆಲಸಕ್ಕೆ ತಾರೀಖನ್ನು ನಾವೇ ಹಾಕಬೇಕು, ಇಲ್ಲದಿದ್ದರೆ ಅದು ಪಟ್ಟಿಯ ಕೊನೆಯಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಮೊದಲ ಹೆಜ್ಜೆ ಬರೀ ಒಂದು ಫೋನ್ ಕರೆ. ಸೋಮವಾರ, 10ನೇ ತಾರೀಖು, ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳುವುದು.

ಹೆಜ್ಜೆ 3: ಏನು ಹೋಗುತ್ತದೆ ಎಂಬುದಕ್ಕೆ 3, 2, 1 ಹಾಕಿ

ಹೆಚ್ಚು ಅಂಕಗಳು ಬೇಡ. ಕಳೆದುಕೊಂಡರೆ ಮರಳಿ ಬಾರದ್ದಕ್ಕೆ, ಅಂದರೆ ಜೀವ, ಆರೋಗ್ಯ ಅಥವಾ ಮನೆಯನ್ನೇ ಮುಳುಗಿಸುವಂಥ ಹೊರೆಗೆ 3. ಹಣ ಕೊಟ್ಟು ಅಥವಾ ಓಡಾಡಿ ಸರಿಪಡಿಸಬಹುದಾದದ್ದಕ್ಕೆ 2. ಒಂದು ತಿಂಗಳ ನಂತರ ನೆನಪೂ ಇರದಂಥದ್ದಕ್ಕೆ 1.

ರೇಬಿಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಅತಿ ಅಪರೂಪ. ಇಂಜೆಕ್ಷನ್‌ಗೆ 3. ಬಿಪಿ ಮಾತ್ರೆ ಏಕಾಏಕಿ ನಿಂತರೆ ರಕ್ತದೊತ್ತಡ ಮತ್ತೆ ಏರಬಹುದು, ಅದಕ್ಕೂ 3. ಕಣ್ಣಿಗೆ 3.

ಸ್ಕೂಟರ್ ವಿಮೆಗೆ ಹಲವರು 2 ಹಾಕಬಹುದು, ಏಕೆಂದರೆ ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ದಂಡ 2,000 ರೂಪಾಯಿ. ಆದರೆ ದೊಡ್ಡ ನಷ್ಟ ದಂಡವಲ್ಲ. ವಿಮೆ ಇಲ್ಲದ ದಿನ ಸ್ಕೂಟರ್ ಯಾರಿಗಾದರೂ ಬಡಿದರೆ, ಅವರಿಗೆ ಕೊಡಬೇಕಾದ ಪರಿಹಾರ ಮಾಲೀಕರ ತಲೆಯ ಮೇಲೆ ಬರುತ್ತದೆ. ಅದಕ್ಕೇ 3. ಜೀವವಿಮೆ ರದ್ದಾದ ಮೇಲೆ ಮನೆಯ ದುಡಿಯುವವರಿಗೆ ಏನಾದರೂ ಆದರೆ ಸರಿಪಡಿಸಲು ಬರುವುದಿಲ್ಲ. ಅದಕ್ಕೂ 3.

ಕರೆಂಟ್ ಬಿಲ್ ತಡವಾದರೆ ಬಡ್ಡಿ ಬೀಳುತ್ತದೆ, ಬಹಳ ತಡವಾದರೆ ಸಂಪರ್ಕ ಕಡಿತ. ಕಟ್ಟಿದರೆ ಸರಿಹೋಗುತ್ತದೆ, 2. ಜೀವನ ಪ್ರಮಾಣಪತ್ರ ತಡವಾದರೆ ಪಿಂಚಣಿ ನಿಲ್ಲುತ್ತದೆ, ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ, 2. ಆದರೆ ಆ ಪಿಂಚಣಿಯಿಂದಲೇ ಮನೆ ನಡೆಯುತ್ತಿದ್ದರೆ 3 ಹಾಕಿ. ಅಂಕ ಕೆಲಸಕ್ಕಲ್ಲ, ನಿಮ್ಮ ಮನೆಯಲ್ಲಿ ಅದರಿಂದ ಆಗುವ ನಷ್ಟಕ್ಕೆ.

ಮಿಕ್ಸಿ ಆಫರ್ ನಿಜವಾಗಿಯೂ ಇವತ್ತು ರಾತ್ರಿ ಮುಗಿಯಬಹುದು. ಆದರೆ ಹಳೆಯ ಮಿಕ್ಸಿ ಇನ್ನೂ ಚಟ್ನಿ ರುಬ್ಬುತ್ತಿದೆ. 1. ಗ್ರೂಪಿನ ಫೋಟೊಗೂ 1.

ಹೆಜ್ಜೆ 4: ಜೋಡಿಸುವ ಒಂದೇ ನಿಯಮ

3 ಮತ್ತು 2 ಬಂದ ಕೆಲಸಗಳನ್ನು ಶುರುವಿನ ದಿನದ ಪ್ರಕಾರ ಜೋಡಿಸಿ. ಒಂದೇ ದಿನ ಎರಡು ಬಂದರೆ 3 ಮೊದಲು. ಎರಡೂ 3 ಆದರೆ ಬೇಗ ಬಾಗಿಲು ಮುಚ್ಚುವುದು ಮೊದಲು. 1 ಬಂದದ್ದೆಲ್ಲ, ತಾರೀಖು ಏನೇ ಇರಲಿ, ಕೆಳಗೆ. ಆಗ ಪಟ್ಟಿ ಹೀಗಾಗುತ್ತದೆ:

01. ನ. 8 (3) ಬಿಪಿ ಮಾತ್ರೆ ತರುವುದು
02. ನ. 8 (3) ಸ್ಕೂಟರ್ ವಿಮೆ
03. ನ. 10 (3) ಮೂರನೇ ಇಂಜೆಕ್ಷನ್
04. ನ. 10 (3) ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳುವುದು
05. ನ. 11 (2) ಕರೆಂಟ್ ಬಿಲ್
06. ನ. 12 (2) ಜೀವನ ಪ್ರಮಾಣಪತ್ರ
07. ನ. 20 (3) ಜೀವವಿಮೆ ಕಂತು
08. (1) ಗ್ರೂಪಿಗೆ ಫೋಟೊ
09. (1) ಮಿಕ್ಸಿ

ಅಂಗಡಿ ಮುಚ್ಚುವ ಹೊತ್ತಿರುವುದರಿಂದ ಮಾತ್ರೆ ಮೊದಲು. ವಿಮೆ ರಾತ್ರಿ ಮನೆಯಲ್ಲಿ ಕೂತು ಮಾಡಬಹುದು. ಇಂಜೆಕ್ಷನ್ ಮೂರನೇ ಸಾಲಿನಲ್ಲಿದೆ ಎಂದರೆ ಅದು ಮಾತ್ರೆಗಿಂತ ಕಡಿಮೆ ಮುಖ್ಯ ಎಂದಲ್ಲ. ಸಾಲಿನ ಸಂಖ್ಯೆ ಮಾಡುವ ಕ್ರಮವನ್ನು ಹೇಳುತ್ತದೆ, ಆವರಣದ ಅಂಕ ತೂಕವನ್ನು ಹೇಳುತ್ತದೆ. ಸೋಮವಾರ ಏನೇ ಹೊಸ ಕೆಲಸ ಬಂದರೂ 3 ಇರುವ ಸಾಲು ಜಾಗ ಬಿಡಬಾರದು. ಅಕಸ್ಮಾತ್ ಆ ದಿನ ತಪ್ಪಿಹೋದರೂ 'ಇನ್ನೇನು ಪ್ರಯೋಜನ' ಎಂದು ಕೈಬಿಡಬಾರದು, ಆದಷ್ಟು ಬೇಗ ಅದೇ ಆಸ್ಪತ್ರೆಗೆ ಹೋಗಿ ಮುಂದಿನ ಡೋಸ್ ಹಾಕಿಸಬೇಕು.

ಫೋನಿನಲ್ಲಿ ಇದನ್ನು ಉಳಿಸುವುದು ಹೇಗೆ?

ಸಂಖ್ಯೆಯನ್ನು 1, 2 ಎಂದು ಬರೆಯದೆ 01, 02 ಎಂದು ಬರೆಯಿರಿ. ಅಕ್ಷರ ಕ್ರಮದಲ್ಲಿ ಜೋಡಿಸುವ ಕೆಲವು ಆ್ಯಪ್‌ಗಳು 10 ಅನ್ನು 2ಕ್ಕಿಂತ ಮೇಲೆ ತರುತ್ತವೆ, ಏಕೆಂದರೆ ಅವು ಮೊದಲ ಅಂಕೆಯನ್ನಷ್ಟೇ ಮೊದಲು ಹೋಲಿಸುತ್ತವೆ. ಮುಂದೆ ಸೊನ್ನೆ ಇದ್ದರೆ ಈ ತೊಂದರೆ ಇಲ್ಲ. ಕೆಲವು ಸಾಲಿಗೆ ಕನ್ನಡ ಅಂಕಿ, ಕೆಲವಕ್ಕೆ ಇಂಗ್ಲಿಷ್ ಅಂಕಿ ಹಾಕಿದರೂ ಕ್ರಮ ಕೆಡಬಹುದು. ಯಾವುದಾದರೂ ಒಂದನ್ನೇ ಬಳಸಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ಮಾತ್ರ ತಿದ್ದಬಹುದು. ಹಾಗಾಗಿ ಮರುದಿನ ಪಟ್ಟಿ ಬದಲಿಸಬೇಕಾದರೆ ಹಳೆಯದನ್ನು ಒತ್ತಿ ಹಿಡಿದು ಕಾಪಿ ಮಾಡಿ, ಹೊಸ ಮೆಸೇಜಿನಲ್ಲಿ ಹಾಕಿ ತಿದ್ದಿ, ಹಳೆಯದನ್ನು ಅಳಿಸಿ. ಎರಡು ಪಟ್ಟಿ ಉಳಿದರೆ ಯಾವುದು ಸರಿ ಎಂಬ ಗೊಂದಲ ಗ್ಯಾರಂಟಿ. ತಾರೀಖು ಖಚಿತವಾಗಿರುವ 3ರ ಕೆಲಸಗಳಿಗೆ ಅಲಾರಂ ಕೂಡ ಇಡಿ.

ಎಲ್ಲಿ ತಪ್ಪುತ್ತದೆ?

ಎಲ್ಲ ಸಾಲಿಗೂ 3 ಬಿದ್ದಿದ್ದರೆ ನೀವು ನಷ್ಟವನ್ನಲ್ಲ, ಗಾಬರಿಯನ್ನು ಅಳೆದಿದ್ದೀರಿ. ಪ್ರತಿ ಸಾಲಿಗೂ 'ಒಂದು ವಾರ ತಡವಾದರೆ ನಿಖರವಾಗಿ ಏನಾಗುತ್ತದೆ' ಎಂದು ಕೇಳಿ. ಉತ್ತರದಲ್ಲಿ 'ಬೇಜಾರು ಮಾಡಿಕೊಳ್ಳುತ್ತಾರೆ' ಎಂದಷ್ಟೇ ಬಂದರೆ ಸಾಮಾನ್ಯವಾಗಿ ಅದು 1.

3ರ ಕೆಲಸವೊಂದರ ತಾರೀಖನ್ನು ಎರಡು ಸಲ ಮುಂದೂಡಿದ್ದರೆ ಆ ಸಾಲನ್ನು ತುಂಬಾ ದೊಡ್ಡದಾಗಿ ಬರೆದಿರುವ ಸಾಧ್ಯತೆ ಹೆಚ್ಚು. 'ಅಪ್ಪನ ಕಣ್ಣು ತೋರಿಸುವುದು' ಮುಂದೆ ಹೋಗುತ್ತಲೇ ಇರುತ್ತದೆ. 'ಸೋಮವಾರ ಅಪಾಯಿಂಟ್‌ಮೆಂಟ್ ಕೇಳುವುದು' ಎಂದು ಬರೆದರೆ ಆಗಿಹೋಗುತ್ತದೆ.

ಇನ್ನೊಂದು ಮಾತು. ಎದೆನೋವು, ಮುಖ ಒಂದು ಕಡೆ ಜಾರುವುದು, ಉಸಿರಾಟದ ತೊಂದರೆ ಇಂಥವು ಪಟ್ಟಿಗೆ ಸೇರುವ ವಿಷಯಗಳೇ ಅಲ್ಲ. ಬರೆಯುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು

ಪಟ್ಟಿಯ ಕ್ರಮ ನಂಬಬೇಡಿ. ಹೆದರಿಸುವ ಮೆಸೇಜಿನ ತಾರೀಖು ನಂಬಬೇಡಿ, ಮೂಲ ಕಾಗದ ನೋಡಿ. ಪ್ರತಿ ಸಾಲಿನ ಮುಂದೆ ಶುರುವಿನ ದಿನ ಮತ್ತು ನಷ್ಟದ ಅಂಕ ಬರೆಯಿರಿ. 3 ಮತ್ತು 2 ತಾರೀಖಿನ ಪ್ರಕಾರ ಮೇಲೆ, 1 ಎಲ್ಲವೂ ಕೆಳಗೆ. ತಾರೀಖಿಲ್ಲದ 3ಕ್ಕೆ ನೀವೇ ಇವತ್ತು ಒಂದು ತಾರೀಖು ಹಾಕಿ.